ಮೊಮೆಂಟಿನ ಶಿಖರ ಎಲ್ಲಿ?

ಸಿಂಪ್ಲಿ ಸಪೋರ್ಟೆಡ್ ಬೀಮಿನಲ್ಲಿ ಶಿಯರ್ ಫೋರ್ಸ್ ಸೊನ್ನೆ ದಾಟುವಲ್ಲೇ ಬೆಂಡಿಂಗ್ ಮೊಮೆಂಟ್ ಗರಿಷ್ಠವಾಗುವುದು ಏಕೆ?

4 ಮೀಟರ್ ಬೀಮಿನ ಎಡತುದಿಯಿಂದ 1 ಮೀಟರ್ ದೂರದಲ್ಲಿ 12 ಕಿಲೋನ್ಯೂಟನ್ ಭಾರವಿದೆ ಎನ್ನಿ; ಬೀಮಿನ ಸ್ವಂತ ತೂಕ ಬಿಡೋಣ. ಭಾರ ಎಡಕ್ಕೆ ಹತ್ತಿರವಿರುವುದರಿಂದ ಎಡ ಆಧಾರ 9, ಬಲ ಆಧಾರ 3 ಕಿಲೋನ್ಯೂಟನ್ ಹೊರುತ್ತದೆ. ಎಡದಿಂದ ಹೊರಟರೆ ಭಾರದವರೆಗೆ ಶಿಯರ್ +9. ಭಾರ ದಾಟಿದೊಡನೆ 12 ಕಳೆದು −3.

ಶಿಯರನ್ನು ಪಾಸ್‌ಬುಕ್ಕಿನ ಜಮೆ-ಖರ್ಚು ಎಂದುಕೊಂಡರೆ ಮೊಮೆಂಟ್ ಎಂಬುದು ಶಿಲ್ಕು. ಮೊದಲ ಮೀಟರಿನಲ್ಲಿ 9 ಜಮೆ, ಆಮೇಲೆ ಪ್ರತಿ ಮೀಟರಿಗೂ 3 ಖರ್ಚು. ಜಮೆ ನಿಂತು ಖರ್ಚು ಶುರುವಾಗುವ ಜಾಗದಲ್ಲೇ ಶಿಲ್ಕು ಅತಿ ಹೆಚ್ಚು: 9 ಕಿಲೋನ್ಯೂಟನ್-ಮೀಟರ್. ಅಂದರೆ ಶಿಖರ ಭಾರದ ಕೆಳಗೆ. ಅಭ್ಯಾಸಬಲದಿಂದ ಹಲವರು ಗೀಚುವಂತೆ ಬೀಮಿನ ನಟ್ಟನಡುವೆ ಅಲ್ಲ. ಉಳಿದ 3 ಮೀಟರಿನಲ್ಲಿ ಶಿಲ್ಕು ಕರಗಿ ಬಲತುದಿಯಲ್ಲಿ ಸೊನ್ನೆಯಾಗಬೇಕು. ಆಗದಿದ್ದರೆ ಮೊದಲು ಆಧಾರಗಳ ಲೆಕ್ಕ ನೋಡಿ.