ಕಷ್ಟಕಾಲದ ಹಣ ಎಷ್ಟಿರಬೇಕು, ಎಲ್ಲಿರಬೇಕು?

2020ರ ಏಪ್ರಿಲ್ 23ರಂದು, ಲಾಕ್‌ಡೌನ್ ಶುರುವಾಗಿ ತಿಂಗಳು ತುಂಬುತ್ತಿದ್ದಾಗ, ಫ್ರಾಂಕ್ಲಿನ್ ಟೆಂಪಲ್ಟನ್ ಮ್ಯೂಚುವಲ್ ಫಂಡ್ ಸಂಸ್ಥೆ ತನ್ನ ಆರು ಡೆಟ್ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಸುಮಾರು ಮೂರು ಲಕ್ಷ ಜನರ 25 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣವಿತ್ತು. ಹಲವರು ಅದನ್ನು ಬ್ಯಾಂಕ್ ಠೇವಣಿಗೆ ಬದಲಾಗಿ ಅಲ್ಲಿಟ್ಟಿದ್ದರು. ಆರರಲ್ಲಿ ಒಂದರ ಹೆಸರೇ ‘ಅಲ್ಟ್ರಾ ಶಾರ್ಟ್ ಬಾಂಡ್ ಫಂಡ್’, ಅಂದರೆ ತೀರಾ ಅಲ್ಪಾವಧಿಗೆ ಹಣ ಇಡುವ ಜಾಗ. ಸಂಬಳ ನಿಂತ, ವ್ಯಾಪಾರ ಕೆಟ್ಟ ಆ ದಿನಗಳಲ್ಲಿ ಅವರ್ಯಾರಿಗೂ ಒಂದು ರೂಪಾಯಿಯನ್ನೂ ತೆಗೆಯಲಾಗಲಿಲ್ಲ.

ಆ ಹಣ ಮುಳುಗಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲ ಕಂತು 2021ರ ಫೆಬ್ರವರಿಯಲ್ಲಿ ಬಂತು, ಆಮೇಲೆ ಉಳಿದದ್ದೂ ಹಂತ ಹಂತವಾಗಿ ಕೈಸೇರಿತು. ಹೂಡಿಕೆಯಾಗಿ ನೋಡಿದರೆ ಲೆಕ್ಕ ಸರಿಹೋಯಿತು. ಆದರೆ 2020ರ ಮೇ ತಿಂಗಳಲ್ಲಿ ಮನೆ ಬಾಡಿಗೆ ಕಟ್ಟಬೇಕಿದ್ದವರಿಗೆ ಮುಂದಿನ ಫೆಬ್ರವರಿಯ ಹಣದಿಂದ ಏನು ಪ್ರಯೋಜನ?

ಹೀಗಾಗಲು ಕಾರಣ ಸರಳ. ಹೆಚ್ಚು ಬಡ್ಡಿಗಾಗಿ ಆ ಯೋಜನೆಗಳು ಕಡಿಮೆ ರೇಟಿಂಗ್‌ನ ಕಂಪನಿಗಳ ಸಾಲಪತ್ರಗಳನ್ನು ಕೊಂಡಿದ್ದವು. ಹೂಡಿಕೆದಾರರೆಲ್ಲ ಒಟ್ಟಿಗೆ ಹಣ ಕೇಳಿದಾಗ ಆ ಪತ್ರಗಳನ್ನು ಮಾರಲು ಹೋದರೆ ಕೊಳ್ಳುವವರೇ ಇರಲಿಲ್ಲ. ಬೇಗ ಮಾರಲಾಗದ ಪತ್ರ ಎಂಬ ಕಾರಣಕ್ಕೂ ಅಲ್ಲಿ ಬಡ್ಡಿ ಸ್ವಲ್ಪ ಹೆಚ್ಚು ಸಿಗುತ್ತದೆ. ಸಾಮಾನ್ಯ ದಿನಗಳಲ್ಲಿ ಅದು ಲಾಭದಂತೆ ಕಾಣುತ್ತದೆ. ಎಲ್ಲರಿಗೂ ಏಕಕಾಲಕ್ಕೆ ಹಣ ಬೇಕಾದ ದಿನ ಅದರ ಬೆಲೆ ತೆರಬೇಕಾಗುತ್ತದೆ.

ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನವರು ಇದರ ಇನ್ನೊಂದು ರೂಪ ಕಂಡಿದ್ದರು. ರಿಸರ್ವ್ ಬ್ಯಾಂಕ್ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಖಾತೆದಾರರು 35 ಸಾವಿರ ರೂಪಾಯಿ ಮಾತ್ರ ತೆಗೆಯಬಹುದು ಎಂದಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಠೇವಣಿ ಇಟ್ಟಿದ್ದ ಹಿರಿಯರು ಸಾಲಾಗಿ ನಿಂತರು. ಠೇವಣಿ ವಿಮೆಯ ಮಿತಿ ಮುಂದಿನ ತಿಂಗಳೇ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು ನಿಜ. ಆದರೆ ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳಲ್ಲಿ ವಿಮೆ ಹಣ ಕೊಡಬೇಕೆಂಬ ಕಾನೂನು ಬಂದದ್ದು 2021ರಲ್ಲಿ.

ಹಾಗಾದರೆ ಒಂದು ಕುಟುಂಬ ಎಷ್ಟು ಹಣವನ್ನು ಹೀಗೆ ಕೈಗೆಟಕುವಂತೆ ಇಟ್ಟುಕೊಳ್ಳಬೇಕು? ‘ಆರು ತಿಂಗಳ ಸಂಬಳ’ ಎಂದು ಹೇಳಿಬಿಡುವುದು ರೂಢಿ. ಲೆಕ್ಕ ಸಂಬಳದಿಂದಲ್ಲ, ಖರ್ಚಿನಿಂದ ಶುರುವಾಗಬೇಕು.

ದಾವಣಗೆರೆಯಲ್ಲಿ ಒಂದು ಮನೆ ಇದೆ ಎಂದುಕೊಳ್ಳೋಣ. ಗಂಡನಿಗೆ ಖಾಸಗಿ ಕಂಪನಿಯಲ್ಲಿ 48 ಸಾವಿರ ಸಂಬಳ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಹಬ್ಬ ಮತ್ತು ಮದುವೆಯ ಕಾಲದಲ್ಲಿ ಚೆನ್ನಾಗಿ, ಆಷಾಢದಲ್ಲಿ ಆರು ಸಾವಿರದಷ್ಟು ಸಂಪಾದನೆ. ಜೊತೆಗೆ ಒಬ್ಬ ಮಗ, ಗಂಡನ ತಾಯಿ. ಸಂಬಳ ನಿಂತರೂ ತಪ್ಪಿಸಲಾಗದ ಖರ್ಚು ಯಾವುವು? ಬಾಡಿಗೆ 9,000, ದಿನಸಿ, ಹಾಲು, ತರಕಾರಿಗೆ 9,000, ಕರೆಂಟು, ಗ್ಯಾಸು, ಫೋನಿಗೆ 2,500, ಸ್ಕೂಲ್ ಫೀಸು ತಿಂಗಳಿಗೆ ಹಂಚಿದರೆ 3,000, ತಾಯಿಯ ಔಷಧಿ 2,500, ಬೈಕಿನ ಕಂತು 3,500, ಪೆಟ್ರೋಲು 2,000, ವಿಮೆಯ ಪ್ರೀಮಿಯಂ 1,500. ಒಟ್ಟು 33 ಸಾವಿರ. ಹೋಟೆಲ್, ಹೊಸ ಬಟ್ಟೆ, ಎಸ್‌ಐಪಿ ಇದರಲ್ಲಿಲ್ಲ. ಅವೆಲ್ಲ ನಿಲ್ಲಿಸಬಹುದಾದವು.

ಈಗ ಹೆಂಡತಿಯ ಸಂಪಾದನೆಯನ್ನು ಕಳೆಯಬೇಕು, ಅದೂ ಸರಾಸರಿಯನ್ನಲ್ಲ, ಆಷಾಢದ ಆರು ಸಾವಿರವನ್ನು. ಉಳಿಯುವ ಕೊರತೆ ತಿಂಗಳಿಗೆ 27 ಸಾವಿರ. ಮತ್ತೊಂದು ಕೆಲಸ ಸಿಕ್ಕಿ ಮೊದಲ ಸಂಬಳ ಕೈಗೆ ಬರಲು ಆರು ತಿಂಗಳು ಬೇಕಾದೀತು ಎಂದಿಟ್ಟುಕೊಂಡರೆ 1,62,000.

ಇಷ್ಟಕ್ಕೇ ನಿಲ್ಲಿಸುವುದು ಅಪಾಯ. ಕಂಪನಿ ಕೊಡಿಸಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ. ಅಂದರೆ ಸಂಬಳವಿಲ್ಲದ ತಿಂಗಳುಗಳೇ ವಿಮೆಯಿಲ್ಲದ ತಿಂಗಳುಗಳೂ ಆಗಿರುತ್ತವೆ. ಸ್ವಂತ ಪಾಲಿಸಿ ಇದ್ದರೂ ಕ್ಯಾಶ್‌ಲೆಸ್ ಒಪ್ಪಿಗೆ ಬರುವ ಮೊದಲು ಆಸ್ಪತ್ರೆ ಅಡ್ವಾನ್ಸ್ ಕೇಳುವುದುಂಟು, ಬಿಲ್ಲಿನ ಕೆಲವು ಬಾಬ್ತುಗಳನ್ನು ವಿಮೆ ಒಪ್ಪುವುದಿಲ್ಲ. ಇದಕ್ಕೆಂದು 60 ಸಾವಿರ ಸೇರಿಸಿದರೆ ಈ ಮನೆಯ ಮೊತ್ತ 2,22,000. ಸರ್ಕಾರಿ ನೌಕರರ ಮನೆಗೆ ಇದರ ಅರ್ಧ ಸಾಕಾಗಬಹುದು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ತಿಂಗಳ ಲೆಕ್ಕವೇ ಹೊಂದುವುದಿಲ್ಲ. ಕೊಳೆರೋಗ ಬಂದು ಒಂದು ಕೊಯ್ಲು ಕೈಕೊಟ್ಟರೆ ಮುಂದಿನ ಕೊಯ್ಲಿನವರೆಗೆ ಇಡೀ ವರ್ಷ ನಡೆಯಬೇಕು.

ಇಷ್ಟು ಹಣವನ್ನು ಸುಮ್ಮನೆ ಉಳಿತಾಯ ಖಾತೆಯಲ್ಲಿ ಕೊಳೆಸುವುದೇ ಎಂಬ ಸಂಕಟ ಎಲ್ಲರಿಗೂ ಆಗುತ್ತದೆ. ಆ ಸಂಕಟವನ್ನೂ ಲೆಕ್ಕಕ್ಕೆ ಹಾಕಬಹುದು. ಉಳಿತಾಯ ಖಾತೆಯಲ್ಲಿ ಶೇ. 3, ಬೇರೆಡೆ ಶೇ. 7 ಸಿಗುತ್ತದೆ ಎಂದಿಟ್ಟುಕೊಂಡರೆ, 2,22,000 ರೂಪಾಯಿಗೆ ವರ್ಷಕ್ಕೆ ವ್ಯತ್ಯಾಸ 8,880, ತಿಂಗಳಿಗೆ 740. ಅತ್ತ, ಹಣ ಸಿಗದೆ ಒಂದು ಲಕ್ಷವನ್ನು ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿ ಬಾಕಿ ಉಳಿಸಿದರೆ, ತಿಂಗಳಿಗೆ ಶೇ. 3.5ರ ಬಡ್ಡಿಯಂತೆ ಮೊದಲ ತಿಂಗಳೇ 3,500. ಷೇರಿನಲ್ಲಿಟ್ಟಿದ್ದರೆ ಇನ್ನೂ ಕಷ್ಟ. 2020ರ ಜನವರಿಯಲ್ಲಿ 42 ಸಾವಿರದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗಿಳಿಯಿತು. ಜನ ಕೆಲಸ ಕಳೆದುಕೊಳ್ಳುವ ಕಾಲ ಮತ್ತು ಷೇರುಪೇಟೆ ಕುಸಿಯುವ ಕಾಲ ಬಹಳ ಸಲ ಒಂದೇ ಆಗಿರುತ್ತದೆ.

ಚೀಟಿಯ ಮೇಲೆ ಭರವಸೆ ಇಡುವವರೂ ಬಹಳ. ಆದರೆ ಹಣ ಬೇಕಾದ ತಿಂಗಳೇ ಚೀಟಿ ಎತ್ತಬೇಕೆಂದರೆ ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಟ್ಟು ಕೂಗಬೇಕು, ಅಂದರೆ ತುರ್ತು ಹೆಚ್ಚಿದಷ್ಟೂ ಕೈಗೆ ಬರುವ ಮೊತ್ತ ಇಳಿಯುತ್ತದೆ. ಲಿಕ್ವಿಡ್ ಫಂಡ್ ಕೆಟ್ಟದ್ದಲ್ಲ. ಆದರೂ ತಕ್ಷಣ ಸಿಗುವುದು ಒಂದು ಯೋಜನೆಯಿಂದ ದಿನಕ್ಕೆ ಹೆಚ್ಚೆಂದರೆ 50 ಸಾವಿರ ಅಥವಾ ಇಟ್ಟಿರುವ ಹಣದ ಶೇ. 90, ಇವೆರಡರಲ್ಲಿ ಕಡಿಮೆ ಯಾವುದೋ ಅದು, ಅದೂ ಆ ಸೌಲಭ್ಯ ಇರುವ ಫಂಡಿನಲ್ಲಿ ಮಾತ್ರ. ಉಳಿದದ್ದಕ್ಕೆ ಬ್ಯಾಂಕಿನ ಕೆಲಸದ ದಿನ ಕಾಯಬೇಕು.

ದಾವಣಗೆರೆಯ ಮನೆಗೆ ಒಪ್ಪುವ ವ್ಯವಸ್ಥೆ ಸಾದಾ ಆದದ್ದು. ಆಸ್ಪತ್ರೆಯ 60 ಸಾವಿರ ಮತ್ತು ಒಂದು ತಿಂಗಳ 27 ಸಾವಿರ ಉಳಿತಾಯ ಖಾತೆಯಲ್ಲಿರಲಿ. ಉಳಿದ 1,35,000 ಒಂದೇ ಎಫ್‌ಡಿ ಆಗದೆ, 27 ಸಾವಿರದ ಐದು ಎಫ್‌ಡಿಗಳಾಗಲಿ. ತಿಂಗಳಿಗೊಂದನ್ನು ಮುರಿದರೆ ಸಾಕು, ಮಿಕ್ಕವು ಬಡ್ಡಿ ದುಡಿಯುತ್ತಿರುತ್ತವೆ. ಅವಧಿಗೆ ಮುನ್ನ ಮುರಿದರೆ ಬ್ಯಾಂಕು ಇಟ್ಟಷ್ಟು ದಿನದ ದರ ಕೊಟ್ಟು ಅದರಲ್ಲಿ ಸಾಮಾನ್ಯವಾಗಿ ಶೇ. 0.5ರಿಂದ 1ರಷ್ಟು ಹಿಡಿಯುತ್ತದೆ. ಕಳೆಯುವುದು ಬಡ್ಡಿಯಲ್ಲಿ, ಅಸಲು ಹಾಗೇ ಉಳಿಯುತ್ತದೆ. ತೆರಿಗೆ ಉಳಿಸಲೆಂದು ಮಾಡುವ ಐದು ವರ್ಷದ ಎಫ್‌ಡಿ ಮಾತ್ರ ಬೇಡ, ಅದನ್ನು ನಡುವೆ ಮುರಿಯಲು ಬರುವುದಿಲ್ಲ.

ಮತ್ತೊಂದು ವಿಷಯವನ್ನು ಮನೆಗಳಲ್ಲಿ ಮರೆಯುವುದೇ ಹೆಚ್ಚು. ಹಣವೆಲ್ಲ ಗಂಡನ ಹೆಸರಿನಲ್ಲೇ ಇದ್ದು, ಐಸಿಯುನಲ್ಲಿ ಮಲಗಿರುವವರೂ ಅವರೇ ಆದರೆ ಹೆಂಡತಿ ಯಾವ ಖಾತೆಯಿಂದ ಅಡ್ವಾನ್ಸ್ ಕಟ್ಟಬೇಕು? ನಾಮಿನಿ ಎಂದು ಹೆಸರು ಬರೆಸಿದ್ದರೆ ಅದು ಖಾತೆದಾರರು ತೀರಿಕೊಂಡ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಈ ಖಾತೆ ಇಬ್ಬರ ಹೆಸರಿನಲ್ಲಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನೊಡನೆ ಇರಬೇಕು. ಎಫ್‌ಡಿಗಳನ್ನು ಅವಧಿಗೆ ಮುನ್ನ ಮುರಿಯಲು ಕೆಲವು ಬ್ಯಾಂಕುಗಳು ಇಬ್ಬರ ಸಹಿಯನ್ನೂ ಕೇಳುತ್ತವೆ. ಒಬ್ಬರ ಸಹಿ ಸಾಕು ಎಂಬ ಒಪ್ಪಿಗೆಯನ್ನು ಠೇವಣಿ ಇಡುವ ದಿನವೇ ಬರೆದುಕೊಡಬೇಕು, ಮತ್ತು ಪಾಸ್‌ಬುಕ್, ಎಟಿಎಂ ಕಾರ್ಡ್ ಎಲ್ಲಿವೆ ಎಂಬುದು ಇಬ್ಬರಿಗೂ ಗೊತ್ತಿರಬೇಕು.