ದುಡ್ಡು ಬಂದ ಬಿಲ್ಲಿಗೆ ತೆರಿಗೆಯಿಲ್ಲ, ತೆರಿಗೆ ಕಂಡ ಬಿಲ್ಲಿಗೆ ದುಡ್ಡಿಲ್ಲ

‘ಮಾನ್ಯರೇ, ದಯವಿಟ್ಟು ನನ್ನ ಟಿಡಿಎಸ್ ಸರ್ಟಿಫಿಕೇಟ್ ಕಳಿಸಿ, ಬಾಕಿ ಹಣವನ್ನೂ ಬಿಡುಗಡೆ ಮಾಡಿ.’ ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಇಂಥ ಒಂದು ಸಾಲಿನ ಪತ್ರಗಳಿಗೆ ಬರವಿಲ್ಲ. ಬರೆದವರು ಫ್ರೀಲಾನ್ಸರುಗಳು: ವಿನ್ಯಾಸಕರು, ಸಂಪಾದಕರು, ಸಲಹೆಗಾರರು. ಉತ್ತರ ಬಾರದಿದ್ದರೆ ಅದಕ್ಕೆ ದುರುದ್ದೇಶವೇ ಕಾರಣವಾಗಬೇಕಿಲ್ಲ. ಸ್ವಲ್ಪ ದೊಡ್ಡ ಕಂಪನಿಯಾದರೆ ತೆರಿಗೆ ನೋಡಿಕೊಳ್ಳುವವರು ಒಬ್ಬರು, ಬಿಲ್ ಪಾಸು ಮಾಡುವವರು ಇನ್ನೊಬ್ಬರು. ಎರಡು ಬೇಡಿಕೆ ಒಂದೇ ಸಾಲಿನಲ್ಲಿದ್ದರೆ ಇವರು ‘ಅವರು ನೋಡುತ್ತಾರೆ’ ಎಂದುಕೊಳ್ಳುತ್ತಾರೆ, ಅವರು ‘ಇವರು ನೋಡುತ್ತಾರೆ’ ಎಂದುಕೊಳ್ಳುತ್ತಾರೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನೋಡೋಣ. ಮೈಸೂರಿನ ಒಬ್ಬ ಒಳಾಂಗಣ ವಿನ್ಯಾಸಕಿ. ಬೆಂಗಳೂರಿನ ಒಂದು ಬಟ್ಟೆ ಅಂಗಡಿಗಳ ಕಂಪನಿಗೆ 2025ರ ಅಕ್ಟೋಬರ್‌ನಲ್ಲಿ ಹಾಸನದ ಮಳಿಗೆಯ, ನವೆಂಬರ್‌ನಲ್ಲಿ ತುಮಕೂರಿನ, ಡಿಸೆಂಬರ್‌ನಲ್ಲಿ ಶಿವಮೊಗ್ಗದ ಮಳಿಗೆಯ ನಕ್ಷೆ ಮಾಡಿಕೊಟ್ಟರು. ಬಿಲ್ಲುಗಳು ಕ್ರಮವಾಗಿ 60,000, 35,000 ಮತ್ತು 45,000 ರೂಪಾಯಿ. ವರ್ಷದ ವಹಿವಾಟು ಸಣ್ಣದಾದ್ದರಿಂದ ಜಿಎಸ್‌ಟಿ ಗೊಡವೆ ಇಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನ ಪ್ರಕಾರ ಒಳಾಂಗಣ ವಿನ್ಯಾಸ ವೃತ್ತಿಪರ ಸೇವೆ. ಹಾಗಾಗಿ ಕಂಪನಿ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳಬೇಕು. ವರ್ಷದ ಮೊತ್ತ 50,000 ದಾಟದಿದ್ದರೆ ಮುರಿಯುವಂತಿಲ್ಲ. ಈ ಮಿತಿ 2025ರ ಏಪ್ರಿಲ್‌ವರೆಗೆ 30,000 ಇತ್ತು. ಇಲ್ಲಿ ಮೊದಲ ಬಿಲ್ಲೇ ಮಿತಿ ದಾಟಿದೆ. ಹಾಸನದ ಬಿಲ್ಲಿಗೆ 54,000, ತುಮಕೂರಿನದಕ್ಕೆ 31,500 ಬ್ಯಾಂಕಿಗೆ ಬಂತು. ಶಿವಮೊಗ್ಗದ್ದು ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ಮೇಡಂ, ಬಿಲ್ ಅಪ್ರೂವಲ್‌ಗೆ ಹೋಗಿದೆ’ ಎಂಬ ಒಂದೇ ಉತ್ತರ.

ಪತ್ರ ಬರೆಯುವ ಮೊದಲು ಅವರು ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ತಮ್ಮ ಫಾರ್ಮ್ 26ಎಎಸ್ ತೆಗೆದು ನೋಡಿದರು. ಇದು ಪ್ಯಾನ್ ಹೊಂದಿದ ಪ್ರತಿಯೊಬ್ಬರ ಹೆಸರಲ್ಲೂ ಸರ್ಕಾರ ಇಟ್ಟಿರುವ ತೆರಿಗೆಯ ಪಾಸ್‌ಬುಕ್. ಯಾವ ಕಂಪನಿ, ಯಾವ ತಾರೀಕು, ಎಷ್ಟು ಮೊತ್ತಕ್ಕೆ, ಎಷ್ಟು ತೆರಿಗೆ ಮುರಿದು ಕಟ್ಟಿದೆ ಎಂಬುದು ಸಾಲು ಸಾಲಾಗಿ ಇರುತ್ತದೆ. ಪ್ರತಿ ಸಾಲಿನಲ್ಲೂ ಒಂದು ಅಕ್ಷರ ಇರುತ್ತದೆ: F ಇದ್ದರೆ ಲೆಕ್ಕ ತಾಳೆಯಾಗಿದೆ, U ಇದ್ದರೆ ಕಂಪನಿ ಹೇಳಿದ್ದಕ್ಕೂ ಖಜಾನೆಗೆ ಬಂದದ್ದಕ್ಕೂ ಹೊಂದಿಕೆಯಾಗಿಲ್ಲ.

ನೋಡಿದರೆ ಸಾಲು ಇದ್ದದ್ದು ಎರಡೇ. ಹಾಸನದ 60,000ಕ್ಕೆ 6,000. ಶಿವಮೊಗ್ಗದ 45,000ಕ್ಕೆ 4,500. ಎರಡಕ್ಕೂ F. ತುಮಕೂರಿನ 3,500 ಎಲ್ಲೂ ಇಲ್ಲ.

ಅಂದರೆ ದುಡ್ಡು ಬಂದ ಬಿಲ್ಲಿನ ತೆರಿಗೆ ನಾಪತ್ತೆ. ದುಡ್ಡೇ ಬಾರದ ಬಿಲ್ಲಿನ ತೆರಿಗೆ ಮಾತ್ರ ಸರ್ಕಾರಕ್ಕೆ ಸಲೀಸಾಗಿ ತಲುಪಿದೆ. ವಿಚಿತ್ರವೆನಿಸಿದರೂ ಇದರಲ್ಲಿ ಒಗಟೇನಿಲ್ಲ. ಹಣ ಪಾವತಿಸುವ ದಿನ ಅಥವಾ ಬಿಲ್ಲನ್ನು ಲೆಕ್ಕದ ಪುಸ್ತಕದಲ್ಲಿ ಜಮಾ ಮಾಡಿಕೊಳ್ಳುವ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ದಿನವೇ ತೆರಿಗೆ ಮುರಿಯಬೇಕು ಎನ್ನುತ್ತದೆ ಕಾಯ್ದೆ. ಮುರಿದದ್ದನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ತಡವಾದರೆ ತಿಂಗಳಿಗೆ ಶೇಕಡಾ ಒಂದೂವರೆ ಬಡ್ಡಿ ಬೀಳುವುದರಿಂದ ಕಂಪನಿ ಅಲ್ಲಿ ಚುರುಕಾಗಿರುತ್ತದೆ. ಬಿಲ್ಲು ಕಳಿಸಿದವರ ಪಾಲಿನ ಹಣಕ್ಕೆ ಆ ಚುರುಕು ಇರುವುದಿಲ್ಲ, ಅಷ್ಟೆ.

ಪತ್ರದ ಬಲವಿರುವುದು ಇಲ್ಲೇ. ಶಿವಮೊಗ್ಗದ ಬಿಲ್ ‘ಅಪ್ರೂವಲ್‌ಗೆ ಹೋಗಿದೆ’ ಎನ್ನುವ ಕಂಪನಿಯೇ ಆ ಬಿಲ್ಲಿನ ಪೂರ್ತಿ ಮೊತ್ತವನ್ನು ವಿನ್ಯಾಸಕಿಯ ಹೆಸರಿಗೆ ಜಮಾ ಮಾಡಿದ್ದೇವೆಂದು ಸರ್ಕಾರಕ್ಕೆ ಬರೆದುಕೊಟ್ಟಿದೆ. ಕೆಲಸವೇ ಮುಗಿದಿಲ್ಲ, ಬಿಲ್ಲೇ ತಲುಪಿಲ್ಲ ಎಂದು ಇನ್ನು ಹೇಳುವುದು ಕಷ್ಟ. ಇದೊಂದರಿಂದಲೇ ವ್ಯಾಜ್ಯ ಗೆಲ್ಲಬಹುದು ಎಂದಲ್ಲ. ತಪ್ಪಿ ಜಮಾ ಮಾಡಿದ್ದೆವು ಎನ್ನಲು ಅವರಿಗೆ ದಾರಿಯಿದೆ. ಆದರೆ ಫೈನಾನ್ಸ್ ವಿಭಾಗದವರಿಗೆ 26ಎಎಸ್‌ನ ಆ ಸಾಲಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ತುಮಕೂರಿನ ಬಿಲ್ಲಿನದು ಬೇರೆಯೇ ಕಥೆ. ಇಲ್ಲಿ ಬಹಳ ಜನ ಎಡವುವುದು ಸರ್ಟಿಫಿಕೇಟ್ ಮಾತ್ರ ಕೇಳಿ. ಟಿಡಿಎಸ್ ಸರ್ಟಿಫಿಕೇಟ್ ಎಂದರೆ ಫಾರ್ಮ್ 16ಎ. ಅದನ್ನು ಕಂಪನಿ ತನ್ನ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿ ಕೊಡುವಂತಿಲ್ಲ. ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಿಂದಲೇ ಇಳಿಸಿಕೊಂಡು ಸಹಿ ಹಾಕಿ ಕೊಡಬೇಕು. ಹಾಗೆ ಇಳಿಸಿದ್ದರಲ್ಲಿ ಸರ್ಟಿಫಿಕೇಟ್ ಸಂಖ್ಯೆ ಇರುತ್ತದೆ. ಅದಿಲ್ಲದ, ಎಕ್ಸೆಲ್‌ನಲ್ಲಿ ತಯಾರಾದ ಹಾಳೆ ಬಂದರೆ ಅಲ್ಲೇ ಅನುಮಾನ ಪಡಬೇಕು. ಟ್ರೇಸಸ್ ಈ ಸರ್ಟಿಫಿಕೇಟನ್ನು ತಯಾರಿಸುವುದು ಕಂಪನಿ ಮೂರು ತಿಂಗಳಿಗೊಮ್ಮೆ ಸಲ್ಲಿಸುವ 26ಕ್ಯೂ ಎಂಬ ವಿವರಪಟ್ಟಿಯಿಂದ. 26ಎಎಸ್‌ಗೂ ಅದೇ ಮೂಲ. ಆ ಪಟ್ಟಿಯಲ್ಲಿ ತುಮಕೂರಿನ ಸಾಲು ಇಲ್ಲದಿದ್ದರೆ 16ಎಯಲ್ಲೂ ಇರುವುದಿಲ್ಲ. ‘ಸರ್ಟಿಫಿಕೇಟ್ ಕಳಿಸಿ’ ಎಂದು ಮಾತ್ರ ಕೇಳಿದರೆ ಅವರು ಎರಡು ಬಿಲ್ಲುಗಳ 16ಎ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. 3,500 ಹಾಗೇ ಉಳಿಯುತ್ತದೆ.

ಆದ್ದರಿಂದ ತುಮಕೂರಿನ ಬಿಲ್ಲಿಗೆ ಕೇಳಬೇಕಾದದ್ದು ತಿದ್ದುಪಡಿ ವಿವರಪಟ್ಟಿ. ಕಾರಣ ಎರಡರಲ್ಲೊಂದು ಇರಬಹುದು. ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿ ಟೈಪ್ ಆಗಿ, ಅಥವಾ ಸಾಲೇ ಬಿಟ್ಟುಹೋಗಿ, ಕಟ್ಟಿದ ತೆರಿಗೆ ಈಕೆಯ ಹೆಸರಿಗೆ ಸೇರದಿರಬಹುದು. ಇಲ್ಲವೇ ಮುರಿದುಕೊಂಡ ಹಣವನ್ನು ಕಂಪನಿ ಕಟ್ಟದೆಯೇ ಇರಬಹುದು. ಎರಡನ್ನೂ ಬೇರ್ಪಡಿಸಿ ತೋರಿಸುವ ಪ್ರಶ್ನೆ ಒಂದಿದೆ: ಚಲನ್ ವಿವರ. ತೆರಿಗೆ ಕಟ್ಟಿದ ಪ್ರತಿ ಚಲನ್‌ಗೂ ಬ್ಯಾಂಕ್ ಶಾಖೆಯ ಬಿಎಸ್ಆರ್ ಕೋಡ್, ಕಟ್ಟಿದ ತಾರೀಕು, ಚಲನ್ ಕ್ರಮಸಂಖ್ಯೆ ಇರುತ್ತವೆ. ಕಟ್ಟಿದ್ದರೆ ಈ ಮೂರನ್ನು ಹುಡುಕಿ ಕೊಡಲು ಹೆಚ್ಚು ಹೊತ್ತು ಬೇಡ. ಕೊಡಲು ತಡವರಿಸಿದರೆ ವಿಷಯ ಬೇರೆ ಇದೆ ಎಂದರ್ಥ.

ವಿನ್ಯಾಸಕಿ ಪತ್ರ ಕಳಿಸಿದ್ದು 2026ರ ಫೆಬ್ರುವರಿ 20ಕ್ಕೆ. ತಾರೀಕಿಗೂ ಲೆಕ್ಕವಿದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 26ಕ್ಯೂ ಸಲ್ಲಿಸಲು ಜನವರಿ 31 ಕೊನೆಯ ದಿನ, ಅದರಿಂದ ಹದಿನೈದು ದಿನದೊಳಗೆ, ಅಂದರೆ ಫೆಬ್ರುವರಿ 15ರೊಳಗೆ, 16ಎ ಕೊಡಬೇಕು. ಅದಕ್ಕೆ ಮುಂಚೆ ಕೇಳಿದ್ದರೆ ‘ಇನ್ನೂ ಸಮಯ ಇದೆ ಮೇಡಂ’ ಎನ್ನುವ ಉತ್ತರ ನ್ಯಾಯವಾದದ್ದೇ. ಪತ್ರದ ಸಾರ ಹೀಗಿತ್ತು:

‘ವಿಷಯ: 2025–26ರ ಮೂರನೇ ತ್ರೈಮಾಸಿಕದ ಫಾರ್ಮ್ 16ಎ, ಒಂದು ಟಿಡಿಎಸ್ ತಿದ್ದುಪಡಿ ಹಾಗೂ 40,500 ರೂ. ಬಾಕಿ ಪಾವತಿ ಕುರಿತು.

ಮಾನ್ಯರೇ, ನನ್ನ ಪ್ಯಾನ್, ನಿಮ್ಮ ಟ್ಯಾನ್ ಮತ್ತು ಮೂರೂ ಬಿಲ್ಲುಗಳ ಸಂಖ್ಯೆ, ತಾರೀಕು, ಮೊತ್ತ ಕೆಳಗಿನ ಪಟ್ಟಿಯಲ್ಲಿವೆ.

ತೆರಿಗೆ ವಿಭಾಗದ ಗಮನಕ್ಕೆ: ತುಮಕೂರು ಬಿಲ್ಲಿನಿಂದ 3,500 ರೂ. ಮುರಿದುಕೊಂಡು 31,500 ರೂ. ಪಾವತಿಸಿದ್ದೀರಿ, ಯುಟಿಆರ್ ಸಂಖ್ಯೆ ಪಟ್ಟಿಯಲ್ಲಿದೆ. ಈ ಕಡಿತ ನನ್ನ 26ಎಎಸ್‌ನಲ್ಲಿ ಕಾಣುತ್ತಿಲ್ಲ. ಚಲನ್ ವಿವರ ತಿಳಿಸಿ, ತಿದ್ದುಪಡಿ ಸಲ್ಲಿಸಿ, ಅನಂತರ ಮೂರೂ ಬಿಲ್ಲುಗಳನ್ನು ಒಳಗೊಂಡ 16ಎ ಕಳಿಸಬೇಕಾಗಿ ಕೋರಿಕೆ.

ಪಾವತಿ ವಿಭಾಗದ ಗಮನಕ್ಕೆ: ಶಿವಮೊಗ್ಗ ಮಳಿಗೆಯ ನಕ್ಷೆಗಳನ್ನು ಡಿಸೆಂಬರ್ 18ರಂದು ಒಪ್ಪಿಸಿದ್ದೇನೆ. ಒಪ್ಪಂದದ 30 ದಿನ ಜನವರಿ 17ಕ್ಕೆ ಮುಗಿದಿದೆ. ಈ ಬಿಲ್ಲಿನ 45,000 ರೂ. ಮೇಲೆ ನೀವು 4,500 ರೂ. ತೆರಿಗೆ ಕಟ್ಟಿರುವುದು 26ಎಎಸ್‌ನಲ್ಲಿ ದಾಖಲಾಗಿದೆ; ಪ್ರತಿ ಲಗತ್ತಿಸಿದ್ದೇನೆ. ಉಳಿದ 40,500 ರೂ. ಯಾವ ದಿನ ಪಾವತಿಯಾಗುತ್ತದೆಂದು ಮಾರ್ಚ್ 2ರೊಳಗೆ ತಿಳಿಸಿ.’

ಪತ್ರದಲ್ಲಿ ಕೋಪವಿಲ್ಲ, ಕಷ್ಟಸುಖದ ಮಾತಿಲ್ಲ. ಬಾಕಿ 45,000 ಎನ್ನದೆ 40,500 ಎಂದು ಬರೆದದ್ದು ಸಣ್ಣ ವಿಷಯವಲ್ಲ. ಪೂರ್ತಿ ಮೊತ್ತ ಕೇಳಿದ್ದರೆ ‘ನಮ್ಮ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ’ ಎಂದು ವಾಪಸು ಕಳಿಸಲು ಒಂದು ನೆಪ ಸಿಗುತ್ತಿತ್ತು.

16ಎ ಕೊಡದ ಕಂಪನಿಗೆ ದಿನಕ್ಕೆ 500 ರೂಪಾಯಿಯಂತೆ, ತೆರಿಗೆಯ ಮೊತ್ತ ಮೀರದಂತೆ, ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಮೊದಲ ಪತ್ರದಲ್ಲೇ ಎತ್ತುವುದು ಜಾಣತನವಲ್ಲ. ಆ ದಂಡ ಹೋಗುವುದು ಸರ್ಕಾರಕ್ಕೆ, ಫ್ರೀಲಾನ್ಸರ್ ಕೈಗಲ್ಲ; ಮುಂದಿನ ಕೆಲಸ ಬರಬೇಕಾದದ್ದು ಅದೇ ಕಂಪನಿಯಿಂದ.

ಹಣದ ಬಾಕಿಗೆ ಇನ್ನೂ ಗಟ್ಟಿಯಾದ ಆಧಾರವೊಂದಿದೆ, ಆದರೆ ಅದಕ್ಕೆ ಮೊದಲೇ ತಯಾರಿ ಬೇಕು. ಒಬ್ಬರೇ ದುಡಿಯುವ ವಿನ್ಯಾಸಕಿಯೂ ಸೂಕ್ಷ್ಮ ಉದ್ಯಮವಾಗಿ ಉದ್ಯಮ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. ಹಾಗೆ ಮಾಡಿಕೊಂಡವರಿಗೆ 2006ರ ಎಂಎಸ್ಎಂಇ ಕಾಯ್ದೆ ಅನ್ವಯಿಸುತ್ತದೆ: ಒಪ್ಪಂದ ಏನೇ ಇರಲಿ, 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಒಪ್ಪಿಸಿದ ಹದಿನೈದು ದಿನದೊಳಗೆ ಕಂಪನಿ ಲಿಖಿತ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡಂತೆಯೇ. ಹಣ ಬಾರದಿದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಕೆಲಸ ಕೊಟ್ಟ ಮೇಲೆ ನೋಂದಾಯಿಸಿಕೊಂಡರೆ ಹಳೆಯ ಬಿಲ್ಲಿಗೆ ಈ ರಕ್ಷಣೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

ಕಂಪನಿಯ ಲೆಕ್ಕಿಗರಿಗೆ ಚಕ್ರಬಡ್ಡಿಗಿಂತ ಹೆಚ್ಚು ನಾಟುವುದು 43ಬಿ ಕಲಮಿಗೆ ಸೇರಿದ ಒಂದು ಹೊಸ ಉಪಕಲಮು. 2023–24ರಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವು ಮೀರಿಯೂ ಕೊಡದೆ ಉಳಿಸಿಕೊಂಡ ಹಣವನ್ನು ಕಂಪನಿ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಹಣ ಕೊಟ್ಟ ವರ್ಷವೇ ತೋರಿಸಬೇಕು. ಮಾರ್ಚ್ 31 ದಾಟಿದರೆ ಆ 45,000ದ ಮೇಲೂ ಕಂಪನಿ ತೆರಿಗೆ ತೆರಬೇಕು. ಉದ್ಯಮ್ ಸಂಖ್ಯೆಯನ್ನು ಬಿಲ್ಲಿನ ಮೇಲೂ ಪತ್ರದ ಮೇಲೂ ಅಚ್ಚು ಹಾಕಿಸಿದವರ ಬಾಕಿಗಳು ಮಾರ್ಚ್‌ನಲ್ಲಿ ಬೇಗ ಇತ್ಯರ್ಥವಾಗುವ ಸಂಭವ ಇರುವುದು ಇದರಿಂದ. ನಷ್ಟದಲ್ಲಿರುವ ಕಂಪನಿಗೆ ಮಾತ್ರ ಈ ಭಯ ಅಷ್ಟಾಗಿ ತಟ್ಟದು.

ಮಾರ್ಚ್ ಮುಗಿದರೂ ಶಿವಮೊಗ್ಗದ ಹಣ ಬರಲಿಲ್ಲ ಎಂದಿಟ್ಟುಕೊಳ್ಳಿ. ಆಗ ವಿನ್ಯಾಸಕಿಯ ಆದಾಯ ತೆರಿಗೆ ರಿಟರ್ನ್‌ನಲ್ಲೂ ಗೊಂದಲ ಶುರುವಾಗುತ್ತದೆ, ಏಕೆಂದರೆ ಬಾರದ 45,000 ಅವರ 26ಎಎಸ್‌ನಲ್ಲಿ ಬಂದಂತೆ ಕೂತಿದೆ. ಹಣ ಕೈಗೆ ಬಂದಾಗಲೇ ಆದಾಯವೆಂದು ಲೆಕ್ಕ ಇಡುವವರು ಆ ಮೊತ್ತವನ್ನೂ ಅದರ 4,500ರ ತೆರಿಗೆ ಜಮೆಯನ್ನೂ ಜೊತೆಯಾಗಿಯೇ ಮುಂದಿನ ವರ್ಷಕ್ಕೆ ಒಯ್ಯಬೇಕು. ಆದಾಯ ಬಿಟ್ಟು ತೆರಿಗೆ ಜಮೆ ಮಾತ್ರ ಈ ವರ್ಷ ಕೇಳಿದರೆ ನೋಟಿಸ್ ಬರುವ ಸಾಧ್ಯತೆಯೇ ಹೆಚ್ಚು. ತುಮಕೂರಿನ ಬಿಲ್ಲಿನ ಆದಾಯವನ್ನಂತೂ ಕೈಗೆ ಬಂದ 31,500 ಎಂದಲ್ಲ, 35,000 ಎಂದೇ ತೋರಿಸಬೇಕು, 26ಎಎಸ್‌ನಲ್ಲಿ ಸಾಲು ಇರಲಿ ಬಿಡಲಿ.

ಆ 3,500 ಕೊನೆಗೂ ಸರಿಹೋಗದಿದ್ದರೆ? ಮುರಿದುಕೊಂಡ ತೆರಿಗೆಯನ್ನು ಕಂಪನಿ ಕಟ್ಟದಿದ್ದರೆ ಅದನ್ನು ಮತ್ತೆ ಆದಾಯ ಪಡೆದವರಿಂದ ವಸೂಲು ಮಾಡುವಂತಿಲ್ಲ ಎಂದು 1961ರ ಕಾಯ್ದೆಯ 205ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾದರೂ 2025–26ರ ಕಡಿತಗಳಿಗೆ ಹಳೆಯದೇ ಅನ್ವಯ. ಆದರೆ ರಿಟರ್ನ್ ಪರಿಶೀಲಿಸುವ ಕಂಪ್ಯೂಟರ್ ನೋಡುವುದು 26ಎಎಸ್ ಅನ್ನು. ಅದು 3,500ನ್ನು ಬಿಟ್ಟು ಲೆಕ್ಕ ಹಾಕಿ ಡಿಮ್ಯಾಂಡ್ ಕಳಿಸಿದರೆ, ವಿನ್ಯಾಸಕಿ ಪೋರ್ಟಲ್‌ನಲ್ಲಿ ಅದನ್ನು ಒಪ್ಪುವುದಿಲ್ಲ ಎಂದು ದಾಖಲಿಸಿ ಆಧಾರ ಕೊಡಬೇಕಾಗುತ್ತದೆ: 35,000ದ ಬಿಲ್, 31,500 ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು ಕಂಪನಿಗೆ ಫೆಬ್ರುವರಿ 20ಕ್ಕೆ ಬರೆದ ಆ ಪತ್ರದ ಪ್ರತಿ.