ಪ್ರತಿ ಸಲವೂ ಹೊಸ ಗುಹೆ, ಪ್ರತಿ ಸಲವೂ ಒಂದೇ ಜೀವ

ಕಂಪ್ಯೂಟರ್ ಪರದೆಯ ಮೇಲೆ ಅಕ್ಷರಗಳಷ್ಟೇ ಮೂಡುತ್ತಿದ್ದ ಕಾಲದಲ್ಲಿ ಸಾಹಸದ ಆಟಗಳಿಗೆ ಒಂದು ದೊಡ್ಡ ಕೊರತೆಯಿತ್ತು. ಒಮ್ಮೆ ಒಗಟು ಬಿಡಿಸಿದರೆ ಆಟವೇ ಮುಗಿದಂತೆ. ಬೀಗದಕೈ ಎಲ್ಲಿದೆ, ಯಾವ ಬಾಗಿಲ ಹಿಂದೆ ಅಪಾಯ ಕಾದಿದೆ ಎಂದು ಗೊತ್ತಾದ ಮೇಲೆ ಎರಡನೇ ಸಲ ಆಡಲು ಕಾರಣ ಉಳಿಯುತ್ತಿರಲಿಲ್ಲ. ಆಟ ಬರೆದವರ ಪಾಡಂತೂ ಇನ್ನೂ ಕಷ್ಟದ್ದು, ಅವರಿಗೆ ಮೊದಲ ಸಲವೂ ಅಚ್ಚರಿ ಇಲ್ಲ. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾಗಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಇದಕ್ಕೊಂದು ದಾರಿ ಹುಡುಕಿದರು. ಗುಹೆಯನ್ನು ತಾವು ಬರೆಯುವುದು ಬೇಡ, ಆಟ ಶುರುವಾದಾಗಲೆಲ್ಲ ಕಂಪ್ಯೂಟರೇ ಹೊಸದೊಂದನ್ನು ಕಟ್ಟಲಿ ಎಂದರು. ಮುಂದೆ ಕೆನ್ ಆರ್ನಾಲ್ಡ್ ಕೂಡ ಅವರ ಜೊತೆಯಾದರು. 1980ರ ಹೊತ್ತಿಗೆ ರೂಪುಗೊಂಡ ಆ ಆಟದ ಹೆಸರು ‘ರೋಗ್’. ಅದರ ಜಾಡಿನಲ್ಲಿ ಬಂದ ಆಟಗಳೆಲ್ಲ ಇಂದು ರೋಗ್‌ಲೈಕ್ ಎಂದೇ ಕರೆಸಿಕೊಳ್ಳುತ್ತವೆ.

ರೋಗ್‌ನಲ್ಲಿ ಆಟಗಾರ ಒಂದು @ ಚಿಹ್ನೆ, ರಾಕ್ಷಸರು A ಯಿಂದ Z ವರೆಗಿನ ಅಕ್ಷರಗಳು. ನೆಲದಡಿಯ ಮಹಡಿಗಳನ್ನು ಒಂದೊಂದಾಗಿ ಇಳಿದು, ಆಳದಲ್ಲಿರುವ ತಾಯತವನ್ನು ಹಿಡಿದು ಮೇಲೆ ಬರಬೇಕು. ಪ್ರತಿ ಮಹಡಿಯನ್ನೂ ಆಟ ಮೂರು ಸಾಲು, ಮೂರು ಕಂಬದ ಒಂಬತ್ತು ಚೌಕಗಳಾಗಿ ವಿಂಗಡಿಸಿಕೊಂಡು, ಅವುಗಳಲ್ಲಿ ಬೇರೆ ಬೇರೆ ಅಳತೆಯ ಕೋಣೆಗಳನ್ನಿಟ್ಟು ಓಣಿಗಳಿಂದ ಜೋಡಿಸುತ್ತದೆ.

ನಕ್ಷೆ ಬದಲಾಗುವುದು ಮೇಲುನೋಟಕ್ಕೆ ಕಾಣುವ ಮಾತು. ಅದಕ್ಕಿಂತ ಜಾಣತನದ ಕೆಲಸ ನಡೆದಿರುವುದು ಔಷಧದ ಸೀಸೆಗಳಲ್ಲಿ. ದಾರಿಯಲ್ಲಿ ನೀಲಿ ಸೀಸೆಯೊಂದು ಸಿಕ್ಕಿತೆನ್ನಿ. ಅದು ಗಾಯ ಮಾಯಿಸಬಹುದು, ಕಣ್ಣು ಕತ್ತಲಾಗಿಸಬಹುದು, ಇಲ್ಲವೇ ವಿಷವಾಗಿರಬಹುದು. ಯಾವ ಬಣ್ಣಕ್ಕೆ ಯಾವ ಗುಣ ಎಂಬುದನ್ನು ಆಟ ಪ್ರತಿ ಸುತ್ತಿನ ಆರಂಭದಲ್ಲಿ ಹೊಸದಾಗಿ ಕಲಸುತ್ತದೆ. ಹಿಂದಿನ ಸಲ ನೀಲಿ ಜೀವ ಉಳಿಸಿತ್ತು ಎಂಬ ನೆನಪು ಈ ಸಲ ಕೆಲಸಕ್ಕೆ ಬಾರದು. ಉಳಿಯುವುದು ಬೇರೊಂದು ಬಗೆಯ ತಿಳಿವಳಿಕೆ. ಗೊತ್ತಿಲ್ಲದ ಸೀಸೆಯನ್ನು ರಾಕ್ಷಸ ಮೈಮೇಲೆ ಬಂದಾಗ ಕುಡಿಯಬಾರದು, ಸುತ್ತ ಯಾರೂ ಇಲ್ಲದಾಗ ಕುಡಿದು ನೋಡಬೇಕು. ಆಗ ಕಣ್ಣು ಕತ್ತಲಾದರೂ ಅದು ಇಳಿಯುವವರೆಗೆ ಕಾಯಲು ಸಮಯವಿರುತ್ತದೆ, ಮುಂದೆ ಅದೇ ಬಣ್ಣ ಸಿಕ್ಕರೆ ಏನೆಂದು ಗೊತ್ತಿರುತ್ತದೆ.

ಇಲ್ಲಿ ಸಾವಿನ ಪಾತ್ರ ಶುರುವಾಗುತ್ತದೆ. ಸೀಸೆ ಕುಡಿದು ಕೆಟ್ಟದಾದರೆ ಹಿಂದಿನ ಹಂತಕ್ಕೆ ಮರಳಬಹುದು ಎಂದಿದ್ದರೆ ಯಾರೂ ಯೋಚಿಸುವ ಗೋಜಿಗೆ ಹೋಗುವುದಿಲ್ಲ. ಎಲ್ಲವನ್ನೂ ಕುಡಿದು ನೋಡಿ, ಬೇಡದ್ದನ್ನು ಅಳಿಸಿಹಾಕುತ್ತಾರೆ. ಅದಕ್ಕೇ ರೋಗ್ ಒಂದು ಕಟ್ಟುನಿಟ್ಟು ಮಾಡಿತು. ಆಟವನ್ನು ಉಳಿಸಿ ಎದ್ದು ಹೋಗಬಹುದು. ಆದರೆ ಮರಳಿ ಬಂದು ತೆರೆದ ಕೂಡಲೇ ಉಳಿಸಿದ ಕಡತ ಅಳಿಸಿಹೋಗುತ್ತದೆ. ಸತ್ತರೆ ಮೊದಲ ಮಹಡಿಯಿಂದ, ಬರಿಗಂಟಿನಿಂದ, ಹೊಸ ಗುಹೆಯಲ್ಲಿ ಆರಂಭ. ಕಡತದ ನಕಲು ತೆಗೆದಿಟ್ಟುಕೊಂಡು ವಂಚಿಸಿದವರೂ ಇದ್ದರು. ಅವರು ಗೆದ್ದಿರಬಹುದು, ಆದರೆ ಸೀಸೆ ಹಿಡಿದು ಹಿಂಜರಿಯುವ ಆ ಗಳಿಗೆಯೇ ಅವರ ಆಟದಿಂದ ಮಾಯವಾಗಿರುತ್ತದೆ.

ಎರಡು ನಿಯಮಗಳೂ ಒಂದಕ್ಕೊಂದು ಊರುಗೋಲು. ನಕ್ಷೆ ಬದಲಾಗದೆ ಸಾವು ಮಾತ್ರ ಶಾಶ್ವತವಾಗಿದ್ದರೆ ಆಟ ಕಂಠಪಾಠವಾಗುತ್ತದೆ. ನಕ್ಷೆ ಬದಲಾಗುತ್ತಾ ಸಾವಿಗೆ ಬೆಲೆ ಇಲ್ಲದಿದ್ದರೆ ಯಾವ ನಿರ್ಧಾರಕ್ಕೂ ತೂಕವಿರುವುದಿಲ್ಲ.

ಹಾಗೆಂದು ಎಲ್ಲವನ್ನೂ ಅದೃಷ್ಟಕ್ಕೆ ಬಿಟ್ಟರೆ ಆಟ ಕೆಡುತ್ತದೆ. ರೋಗ್‌ನಲ್ಲಿ ಹಸಿವಿದೆ, ಊಟ ಸಿಗದಿದ್ದರೆ ಸಾವು. ಊಟ ಬೀಳುವುದೂ ಅದೃಷ್ಟದಿಂದಲೇ ಆದ್ದರಿಂದ, ಯಾವ ತಪ್ಪೂ ಮಾಡದವರು ಹಸಿದು ಸಾಯುವ ಅಪಾಯವಿತ್ತು. ಅದಕ್ಕೆ ಆಟದ ಕೋಡ್ ಒಂದು ಲೆಕ್ಕ ಇಡುತ್ತದೆ: ಊಟವೇ ಹುಟ್ಟದ ಮಹಡಿಗಳ ಎಣಿಕೆ ಮೂರನ್ನು ದಾಟಿದರೆ, ಮುಂದೆ ಹುಟ್ಟುವ ವಸ್ತು ಊಟವೇ ಆಗಬೇಕು. ಆಟಗಾರನಿಗೆ ಈ ಲೆಕ್ಕ ಕಾಣುವುದಿಲ್ಲ.

ಇಂಥ ಬೇಲಿಯೊಳಗಿನ ಅದೃಷ್ಟವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಡೆರೆಕ್ ಯು 2008ರಲ್ಲಿ ಹೊರತಂದ ‘ಸ್ಪೆಲಂಕಿ’. ಇಲ್ಲಿ ಅಕ್ಷರಗಳಿಲ್ಲ. ಟೋಪಿ ತೊಟ್ಟ ಪುಟ್ಟ ಸಾಹಸಿಯೊಬ್ಬ ಓಡುತ್ತ, ನೆಗೆಯುತ್ತ ಗಣಿಯೊಳಗೆ ಇಳಿಯುತ್ತಾನೆ. ಕೆಲವೇ ಕ್ಷಣಗಳಲ್ಲಿ ಹೊಸ ಗಣಿ ಕಟ್ಟಬೇಕು, ಆದರೆ ಹೊರಬಾಗಿಲಿಗೆ ದಾರಿಯೇ ಇಲ್ಲದ ಗಣಿ ಒಮ್ಮೆಯೂ ಬರಬಾರದು. ಯು ಕಂಡುಕೊಂಡ ಉಪಾಯ ಸರಳ: ಮೊದಲು ದಾರಿ, ಆಮೇಲೆ ಗೋಡೆ.

ಪ್ರತಿ ಹಂತವೂ ನಾಲ್ಕು ಸಾಲು, ನಾಲ್ಕು ಕಂಬದ 16 ಕೋಣೆಗಳ ಚೌಕ. ಆಟ ಮೇಲಿನ ಸಾಲಿನ ಒಂದು ಕೋಣೆಯನ್ನು ಪ್ರವೇಶವೆಂದು ಆರಿಸಿ, 1ರಿಂದ 5ರೊಳಗೆ ಒಂದು ಸಂಖ್ಯೆ ಎತ್ತುತ್ತದೆ. 1 ಅಥವಾ 2 ಬಂದರೆ ದಾರಿ ಎಡಕ್ಕೆ, 3 ಅಥವಾ 4 ಬಂದರೆ ಬಲಕ್ಕೆ, 5 ಬಂದರೆ ಕೆಳಕ್ಕೆ. ಅಂಚು ತಾಗಿದರೂ ಕೆಳಕ್ಕೇ.

ಎರಡನೇ ಕೋಣೆಯಿಂದ ಆರಂಭವಾಯಿತು ಎಂದುಕೊಳ್ಳೋಣ. 3 ಬಂತು, ದಾರಿ ಮೂರನೆಯದಕ್ಕೆ; 4 ಬಂತು, ನಾಲ್ಕನೆಯದಕ್ಕೆ; ಮತ್ತೆ 3, ಮುಂದೆ ಗೋಡೆ, ಹಾಗಾಗಿ ಎರಡನೇ ಸಾಲಿಗೆ. ಅಲ್ಲಿ 1 ಬಂದು ಎಡಕ್ಕೆ ಒಂದು ಕೋಣೆ, 5 ಬಂದು ಮೂರನೇ ಸಾಲಿಗೆ. ಆ ಸಾಲಿನಲ್ಲಿ ಎಡಕ್ಕೆ ಎರಡು ಕೋಣೆ ಸರಿದು ಅಂಚು ತಾಗಿ ಕೊನೆಯ ಸಾಲಿಗೆ. ಅಲ್ಲಿ ಬಲಕ್ಕೊಂದು ಕೋಣೆ, ಮತ್ತೆ 5. ಇಳಿಯಲು ಇನ್ನು ಸಾಲಿಲ್ಲ, ಆದ್ದರಿಂದ ಹೊರಬಾಗಿಲು ಅಲ್ಲೇ. ಹತ್ತು ಕೋಣೆಗಳ ದಾರಿ ಸಿದ್ಧ. ಈಗ ಈ ಹತ್ತರ ಪ್ರತಿ ಕೋಣೆಗೂ ತಕ್ಕ ಮಾದರಿಯೊಂದನ್ನು ಆಟ ಆರಿಸುತ್ತದೆ: ಅಡ್ಡ ಹಾಯುವಲ್ಲಿ ಅಕ್ಕಪಕ್ಕ ತೆರೆದಿರುವುದು, ಇಳಿಯುವಲ್ಲಿ ನೆಲ ತೆರೆದಿರುವುದು. ಮಾದರಿಗಳನ್ನು ಮನುಷ್ಯರೇ ಕೂತು ಬಿಡಿಸಿದ್ದಾರೆ, ಆದರೆ ಅವುಗಳ ಕೆಲವು ಇಟ್ಟಿಗೆಗಳು ಇರಬೇಕೋ ಬೇಡವೋ ಎಂಬುದನ್ನು ಮತ್ತೆ ಅದೃಷ್ಟವೇ ನಿರ್ಧರಿಸುತ್ತದೆ. ಹೀಗಾಗಿ ಒಂದೇ ಮಾದರಿ ಬಂದರೂ ಗುರುತು ಹಿಡಿಯುವುದು ಸುಲಭವಲ್ಲ. ಕೊನೆಗೆ ಹಾವು, ಬಾವಲಿ, ಬಲೆ, ಚಿನ್ನ ಉದುರುತ್ತವೆ.

ಉಳಿದ ಆರು ಕೋಣೆಗಳಲ್ಲೇ ಆಟದ ಆಸೆ ಅಡಗಿದೆ. ಅವಕ್ಕೆ ದಾರಿ ಇರಲೇಬೇಕೆಂಬ ನಿಯಮವಿಲ್ಲ. ಸಾಹಸಿಯ ಕೈಯಲ್ಲಿ ಆರಂಭದಲ್ಲಿ ನಾಲ್ಕು ಬಾಂಬು, ನಾಲ್ಕು ಹಗ್ಗ. ಗೋಡೆಯಾಚೆಯ ಚಿನ್ನಕ್ಕೆ ಬಾಂಬು ಖರ್ಚು ಮಾಡಬೇಕೇ, ಮುಂದಿನ ಹಂತಕ್ಕೆ ಉಳಿಸಬೇಕೇ? ಚೌಕಾಬಾರದಲ್ಲಿ ಕವಡೆ ಎಷ್ಟೇ ಬೀಳಲಿ, ಯಾವ ಕಾಯಿ ನಡೆಸಬೇಕೆಂಬುದು ಆಡುವವರ ಕೈಯಲ್ಲೇ ಇರುವ ಹಾಗೆ ಇದು.

ಅದೃಷ್ಟ ನ್ಯಾಯವಾಗಿದೆಯೇ ಎಂದು ಅಳೆಯಲು ಆಟಗಾರನ ಸಾವನ್ನೇ ನೋಡಬೇಕು. ಸ್ಪೆಲಂಕಿಯ ಗೋಡೆಗಳಲ್ಲಿ ಬಾಣ ಬಿಡುವ ಬಲೆಗಳಿವೆ. ತನ್ನೆದುರು ಏನೇ ಹಾದರೂ ಬಲೆ ಬಾಣ ಬಿಡುತ್ತದೆ, ಅದೂ ಒಂದೇ ಬಾಣ. ಹೊಸಬ ಅದರೆದುರು ನೆಗೆದು ಪೆಟ್ಟು ತಿನ್ನುತ್ತಾನೆ. ಅನುಭವಿ ಮೊದಲು ಕಲ್ಲೊಂದನ್ನು ಎಸೆದು ಬಾಣವನ್ನು ಖಾಲಿ ಮಾಡಿಸುತ್ತಾನೆ. ಬಲೆ ಎಲ್ಲಿದೆ ಎಂಬುದು ಪ್ರತಿ ಸಲ ಬದಲಾಗುತ್ತದೆ, ಅದರ ನಡತೆ ಎಂದೂ ಬದಲಾಗುವುದಿಲ್ಲ. ಸತ್ತವನು ‘ಕಲ್ಲು ಎಸೆಯಬೇಕಿತ್ತು’ ಎಂದು ಹೇಳಬಲ್ಲನಾದರೆ ಮತ್ತೆ ಆಡುತ್ತಾನೆ. ಕಾಣದ ಕಡೆಯಿಂದ ಬಂದ, ತಪ್ಪಿಸಿಕೊಳ್ಳಲಾಗದ ಪೆಟ್ಟಿಗೆ ಸತ್ತರೆ ಆಟವನ್ನೇ ಬಿಡುತ್ತಾನೆ.

ಈಚಿನ ಅನೇಕ ಆಟಗಳು ಸಾವಿನ ಕಹಿಯನ್ನು ತಗ್ಗಿಸಿವೆ. 2020ರ ‘ಹೇಡಿಸ್’ನಲ್ಲಿ ಸತ್ತ ನಾಯಕ ಮನೆಗೆ ಮರಳುತ್ತಾನೆ, ಗಳಿಸಿದ ಕೆಲವು ವಸ್ತುಗಳಿಂದ ಶಾಶ್ವತವಾಗಿ ಬಲ ಹೆಚ್ಚಿಸಿಕೊಳ್ಳುತ್ತಾನೆ, ಕಥೆಯೂ ಮುಂದೆ ಸಾಗುತ್ತದೆ. ಇದರಿಂದ ಹೆಚ್ಚು ಜನಕ್ಕೆ ಈ ಬಗೆಯ ಆಟದ ಬಾಗಿಲು ತೆರೆದಿದೆ. ಆದರೆ ಇಪ್ಪತ್ತನೇ ಸುತ್ತಿನಲ್ಲಿ ಗೆದ್ದಾಗ, ಗೆದ್ದದ್ದು ಕಲಿತ ಕೈಯೋ ಕೂಡಿಟ್ಟ ಬಲವೋ ಎಂದು ಬಿಡಿಸಿ ಹೇಳುವುದು ಕಷ್ಟ.

ಸ್ಪೆಲಂಕಿ ಅದನ್ನು ಬಿಡಿಸಿ ತೋರಿಸುವ ಏರ್ಪಾಡೊಂದನ್ನು ಮುಂದಿನ ಆವೃತ್ತಿಯಲ್ಲಿ ಮಾಡಿತು. ದಿನಕ್ಕೊಂದು ಗಣಿ, ಅದು ಜಗತ್ತಿನ ಎಲ್ಲರಿಗೂ ಒಂದೇ, ಆಡಲು ಒಬ್ಬರಿಗೆ ಒಂದೇ ಅವಕಾಶ. ಎಲ್ಲರಿಗೂ ಬಿದ್ದ ಸಂಖ್ಯೆಗಳು ಒಂದೇ ಆದ್ದರಿಂದ ಗಣಿ ಕೆಟ್ಟದಿತ್ತೆಂದು ದೂರುವಂತಿಲ್ಲ. ಆದರೂ ಒಬ್ಬರು ಮೊದಲ ಹಂತದಲ್ಲೇ ಸಾಯುತ್ತಾರೆ, ಇನ್ನೊಬ್ಬರು ಕೊನೆಯವರೆಗೆ ಇಳಿದು ಚಿನ್ನ ಹೊತ್ತು ಬರುತ್ತಾರೆ.